ಅಧಿಕ ಮಾಸದ ಹತ್ತೊಂಬತ್ತು ದಿನ

ಗೌರಿ ಹಬ್ಬಕ್ಕೆ ಒಂದೇ ದಿನ ಬಾಕಿ. ಸಾಗರದ ಪತ್ತಿನ ಸಂಘದ ಜಗಲಿಯಲ್ಲಿ ಅಡವಿನ ಒಡವೆಗಳ ಹರಾಜು ಶುರುವಾಗಿತ್ತು. ಚಹದಂಗಡಿ ಮಾಸ್ತಮ್ಮ ಸೆರಗಿನ ಗಂಟು ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಜಿನ ಮೇಲೆ ಅವಳದೇ ಚಿನ್ನದ ಅವಲಕ್ಕಿ ಸರ ಇತ್ತು.

"ಐನೂರು ರೂಪಾಯಿ, ಒಂದನೇ ಸಲ!" ಎಂದು ಕೂಗಿದ ಜವಾನ.

"ಕೂಗೋದು ನಿಲ್ಸೋ! ಅದು ನನ್ನ ಸರ. ಇವತ್ತಿಗೆ ವರ್ಷ, ದುಡ್ಡು ತಂದೀನಿ."

ಕಾರ್ಯದರ್ಶಿ ಮುಕುಂದಯ್ಯ ಕನ್ನಡಕ ಸರಿಮಾಡಿಕೊಂಡರು. "ಎಲ್ಲಿಯ ಇವತ್ತು? ಆಗಸ್ಟ್ ಇಪ್ಪತ್ತೆಂಟಕ್ಕೇ ವಾಯಿದೆ ಮುಗೀತು. ಹತ್ತೊಂಬತ್ತು ದಿನ ದಾಟಿದೆ."

"ಹೋದ ವರ್ಷ ಗೌರಿ ಹಬ್ಬದ ಹಿಂದಿನ ದಿನ ಅಡ ಇಟ್ಟಿದ್ದು. ಇವತ್ತೂ ಹಬ್ಬದ ಹಿಂದಿನ ದಿನ ಅಲ್ವಾ?"

ಸರಕ್ಕೆ ಬೆಲೆ ಕೂಗುತ್ತಿದ್ದ ಚಿನಿವಾರ ಮಂಜಯ್ಯ ಗಹಗಹಿಸಿ ನಕ್ಕ. "ಈ ವರ್ಷ ಅಧಿಕ ಶ್ರಾವಣ ಬಂದಿತ್ತಲ್ಲೇ ತಾಯಿ! ಹಬ್ಬ ಮುಂದೆ ಹೋಗ್ತದೆ, ಬ್ಯಾಂಕಿನ ತಾರೀಕು ಹೋಗ್ತದಾ?"

ಮಾಸ್ತಮ್ಮ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ ಪೇಟೆಯಲ್ಲಿ ಅಂಗಡಿ ಹಾಕಲೆಂದು ನಾನೂರು ರೂಪಾಯಿ ಎತ್ತಿದ್ದಳು. ಈ ಸಾಲದಲ್ಲಿ ತಿಂಗಳ ಕಂತು ಇಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೇ ತೀರಿಸಬೇಕು. ಆರು ತಿಂಗಳೊಳಗೆ ತೀರಿಸಿದರೆ ಬಡ್ಡಿ ನೂರಕ್ಕೆ ಒಂಬತ್ತು, ದಾಟಿದರೆ ಮೊದಲ ದಿನದಿಂದಲೇ ಹನ್ನೆರಡು. ಹನ್ನೆರಡರ ಲೆಕ್ಕದಲ್ಲೇ ನಾನೂರ ನಲವತ್ತೆಂಟು ಕೂಡಿಸಿ ತಂದಿದ್ದಳು. ಈಗ ನೋಡಿದರೆ ಪಂಚಾಂಗವೇ ಕೈಕೊಟ್ಟಿತ್ತು.

ಆದರೆ ಹರಾಜಿನ ಸುತ್ತಿಗೆ ಇನ್ನೂ ಬಿದ್ದಿರಲಿಲ್ಲ.

"ಹರಾಜಿಗೆ ಮುಂಚೆ ಹದಿನೈದು ದಿನದ ನೋಟೀಸು ಕೊಡ್ಬೇಕಲ್ಲ? ನಂಗೆ ಯಾರು ಕೊಟ್ರು?"

ಮುಕುಂದಯ್ಯ ಕಡತದಿಂದ ಲಕೋಟೆ ತೆಗೆದರು. "ರಿಜಿಸ್ಟರ್ ಮಾಡೀವಿ. ವಾಪಸ್ ಬಂದದೆ."

ಲಕೋಟೆಯ ಮೇಲೆ ಮುಳುಗಿದ ಊರಿನ ಹೆಸರಿತ್ತು.

"ಮೀನಿಗೆ ಬರೆದ್ರಾ ನೋಟೀಸು? ಸಾಲದ ಪತ್ರ ತೆಗೀರಿ ಸ್ವಾಮಿ! ಬಸ್ ಸ್ಟ್ಯಾಂಡ್ ಹತ್ರದ ವಿಳಾಸ ನಾನೇ ನಿಂತು ಬರೆಸಿದ್ದೆ."

ಪತ್ರ ಹೊರಬಂತು. ಹೊಸ ವಿಳಾಸ ಅಲ್ಲೇ ಇತ್ತು. ಗುಮಾಸ್ತ ಹಳೆಯ ಸದಸ್ಯರ ಪುಸ್ತಕ ನೋಡಿ ಬರೆದಿದ್ದ. ಜಗಲಿಯ ಜನರಲ್ಲಿ ಗುಸುಗುಸು ಎದ್ದಿತು.

"ಆಯ್ತಮ್ಮ," ಎಂದರು ಮುಕುಂದಯ್ಯ ತಗ್ಗಿದ ದನಿಯಲ್ಲಿ. "ಕೂಗು ಮುಗಿಯೋ ಮುಂಚೆ ಬಿಡಿಸ್ಕೊಳ್ಳೋ ಹಕ್ಕು ನಿಂದೇ. ವಾಯಿದೆ ದಾಟಿದ ಹತ್ತೊಂಬತ್ತು ದಿನಕ್ಕೆ ಹದಿನಾಲ್ಕರ ದರ, ಎರಡು ರೂಪಾಯಿ ತೊಂಬತ್ತೆರಡು ಪೈಸೆ. ನೋಟೀಸು, ಹರಾಜಿನ ಖರ್ಚು ಆರು ರೂಪಾಯಿ."

ಮಾಸ್ತಮ್ಮ ಗಂಟು ಬಿಚ್ಚಿದಳು. ನೋಟುಗಳ ಮೇಲೆ ಬೆಳಗಿನ ಚಹದ ಚಿಲ್ಲರೆಯಿಂದ ಮೂರು ರೂಪಾಯಿ ಎಣಿಸಿಟ್ಟಳು.

"ತಾರೀಕು ತಪ್ಪಿದ್ದು ನಾನು, ಅದರ ದಂಡ ಇದು. ವಿಳಾಸ ತಪ್ಪಿದ್ದು ನೀವು. ಆ ಆರು ರೂಪಾಯಿ ನಾ ಕೊಡಲ್ಲ."

"ನಿಯಮ ಅಂತ ಇರ್ತದೆ..."

"ನಿಯಮ ನಂಗೊಬ್ಬಳಿಗೇನಾ? ಇಲ್ಲೇ ಕೂತಿರ್ತೀನಿ. ಮಂಜಯ್ಯನೋರು ಧೈರ್ಯ ಇದ್ರೆ ಇನ್ನೊಂದು ಸಲ ಬೆಲೆ ಕೂಗ್ಲಿ."

ಮಂಜಯ್ಯ ಆಕಾಶ ನೋಡಿದ. ಮುಕುಂದಯ್ಯ ಆರು ರೂಪಾಯಿಯ ಸಾಲಿಗೆ ಗೀಟು ಎಳೆದು, ಎಂಟು ಪೈಸೆ ಚಿಲ್ಲರೆಯ ಜೊತೆ ಸರವನ್ನು ಮುಂದೆ ತಳ್ಳಿದರು. ಅವಳು ಕೈಚಾಚಲಿಲ್ಲ.

"ತೂಕ ಹಾಕಿ ಕೊಡಿ, ಸ್ವಾಮಿ. ಇಡೋವಾಗ ತೂಗಿದ್ರಲ್ಲ."