ಶಾಖೆಯಲ್ಲಿ ಎಲ್ಲರಿಗೂ ತಿಳಿಸಿ

ಮಾಳಿಂಗರಾಯನಿಗೆ ಹೇಳಬೇಕಾದ ಮಾತನ್ನು ಮಂಜುಳಾ ಮೂರು ದಿನ ಬಾಯೊಳಗೆ ಇಟ್ಟುಕೊಂಡು ತಿರುಗಿದಳು. ಕಡೆಗೆ ಶನಿವಾರ ಮಧ್ಯಾಹ್ನ ಅವನನ್ನು ಮುಂಡರಗಿಯಿಂದ ಗದಗಿನ ಕಚೇರಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ಎದುರಿಗೆ ಕೂರಿಸಿಕೊಂಡು ಹೇಳಿದಳು. ಅವನೂ ಅರ್ಜಿ ಹಾಕಿದ್ದ ಕ್ಷೇತ್ರ ಮುಖ್ಯಸ್ಥನ ಹುದ್ದೆ ಲಕ್ಷ್ಮೇಶ್ವರ ಶಾಖೆಯ ಉಸ್ತುವಾರಿ ಅತಾವುಲ್ಲಾಗೆ ಹೋಗಿದೆ.

ಅದೊಂದು ಹತ್ತಿಬೀಜದ ಕಂಪನಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೊಂದು ಶಾಖೆ, ಮೂರಕ್ಕೂ ಮೇಲೆ ಮಂಜುಳಾ. ಹದಿಮೂರು ವರ್ಷದ ಹಿಂದೆ ಕೃಷಿ ಪದವಿಯ ಕಾಗದ ಹಿಡಿದು ಅವಳು ಮೊದಲು ಕೆಲಸಕ್ಕೆ ಸೇರಿದ್ದು ಮುಂಡರಗಿಯಲ್ಲೇ. ಕೊರ್ಲಹಳ್ಳಿಯ ಹೊಲದಲ್ಲಿ ನಿಲ್ಲಿಸಿಕೊಂಡು, ಹೂವಿನ ಬುಡದ ಬಣ್ಣ ನೋಡಿ ಬೆರಕೆ ಗಿಡ ಗುರುತಿಸುವುದನ್ನು ಕಲಿಸಿದವನು ಮಾಳಿಂಗರಾಯ. ಅವಳು ಮೇಲೇರಿದಳು. ಅವನು ಶಾಖೆಯ ಉಸ್ತುವಾರಿಯಾಗಿ ಅಲ್ಲೇ ಉಳಿದ. ಇಬ್ಬರೇ ಇದ್ದಾಗ ಇವತ್ತಿಗೂ ಅವನು ಅವಳನ್ನು ತಂಗಿ ಅನ್ನುತ್ತಿದ್ದ.

ಆಯ್ಕೆ ತಪ್ಪಾಗಿರಲಿಲ್ಲ. ಮಂಜುಳಾಳನ್ನು ಹೆಚ್ಚು ಸುಡುತ್ತಿದ್ದುದೇ ಅದು. ಮೂರೂ ತಾಲೂಕಿನ ಬೀಜದ ಪ್ಲಾಟುಗಳನ್ನು ಒಂದೇ ಕ್ರಮಕ್ಕೆ ತರಬಲ್ಲವನು ಬೇಕಾಗಿತ್ತು. ಅತಾವುಲ್ಲಾ ತನ್ನ ಶಾಖೆಯ ತಪಾಸಣೆಯನ್ನೆಲ್ಲ ಫೋನಿನಲ್ಲೇ ದಾಖಲಿಸುವ ಪದ್ಧತಿ ತಂದಿದ್ದ. ಶಿರಹಟ್ಟಿಯವರಿಗೂ ಅದನ್ನು ಕಲಿಸಿದ ಮೇಲೆ ಎರಡು ಹಂಗಾಮುಗಳಲ್ಲಿ ತಿರಸ್ಕಾರವಾಗುವ ಬೀಜ ಕಡಿಮೆಯಾಗಿತ್ತು. ಸಂದರ್ಶನದಲ್ಲಿ ಮಾಳಿಂಗರಾಯ, ಮುಂಡರಗಿ ಬಿಟ್ಟು ಬೇರೆ ಕಡೆಯ ರೈತರ ಪರಿಚಯ ತನಗಿಲ್ಲ, ಕಲಿಯಬೇಕಾಗುತ್ತದೆ ಎಂದು ಇದ್ದದ್ದನ್ನು ಇದ್ದಂತೆಯೇ ಹೇಳಿದ್ದ.

ಇದನ್ನೆಲ್ಲ ಮಂಜುಳಾ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಕೇಳಿಸಿಕೊಂಡ.

"ಪತ್ರದಾಗ ನನ್ನ ಹೆಸರು ಬರತೈತೇನವ್ವಾ?"

"ಯಾರು ಯಾರಿಗೆ ವರದಿ ಮಾಡಬೇಕು, ಯಾರ ಕೆಲಸ ಏನು ಅನ್ನೂ ಕಡೆ ಅಷ್ಟ ಬರತೈತಿ ಅಣ್ಣಾ. ನೀ ಅರ್ಜಿ ಹಾಕಿದ್ದಿ ಅಂತ ಎಲ್ಲೂ ಬರೂದಿಲ್ಲ."

"ಆತು," ಅಂದ. ಚಹಾ ಬೇಡವೆಂದು ಬಸ್ಸಿಗೆ ಹೋದ. ಆ ಒಂದು ಮಾತನ್ನು ಮಂಜುಳಾ ಒಪ್ಪಿಗೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೂ ಬೇಕಾಗಿತ್ತು.

ಭಾನುವಾರ ಮನೆಯಲ್ಲಿ ಕೂತು ಪತ್ರ ಬರೆದಳು. ಮೊದಲ ಸಲ ಬರೆದಾಗ ಮಾಳಿಂಗರಾಯನ ಬಗ್ಗೆಯೇ ಏಳು ಸಾಲು ಬಂದವು. ಅವನ ಅನುಭವ, ಅವನ ಸೇವೆ, ಸಂಸ್ಥೆ ಅವನಿಗೆ ಚಿರಋಣಿ. ಸಿಬ್ಬಂದಿ ವಿಭಾಗ ನೋಡಿಕೊಳ್ಳುವ ಇನಾಯತನಿಗೆ ಕಳಿಸಿದಳು. ಅರ್ಧ ತಾಸಿನಲ್ಲಿ ಅವನ ಫೋನು ಬಂತು.

"ಮೇಡಂ, ಇದು ಬಡ್ತಿ ಪತ್ರನೋ, ಶ್ರದ್ಧಾಂಜಲಿನೋ? ಇದನ್ನ ಓದಿದವರು ನಾಳೆ ಹಾರ ತಗೊಂಡು ಮುಂಡರಗಿಗೆ ಹೊಂಟಾರು."

ನಗೆ ಮುಗಿದ ಮೇಲೆ ಅವನು ಬಿಡಿಸಿ ಹೇಳಿದ. ಸಿಗದವರನ್ನು ಹೆಸರಿಟ್ಟು ಹೊಗಳಿದರೆ, ಇವರೂ ಅರ್ಜಿ ಹಾಕಿದ್ದರು, ಸಿಗಲಿಲ್ಲ ಎಂದು ಡಂಗುರ ಹೊಡೆದ ಹಾಗೆ. ಹುದ್ದೆಗೆ ಏನು ಬೇಕಿತ್ತು, ಆಯ್ಕೆಯಾದವರು ಅದನ್ನು ಎಲ್ಲಿ ಮಾಡಿ ತೋರಿಸಿದ್ದಾರೆ, ಇಷ್ಟೇ ಇರಲಿ. ಎಲ್ಲರಿಗಿಂತ ಸಮರ್ಥ ಎಂಬ ಮಾತು ಬೇಡ. ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ.

ಅವಳು ತಿದ್ದಿದಳು. ಅತಾವುಲ್ಲಾ ಸೋಮವಾರದಿಂದಲೇ ಅಧಿಕಾರ ವಹಿಸಿಕೊಳ್ಳುತ್ತಾನೆ. ಇಲ್ಲಿಯವರೆಗೆ ಮಂಜುಳಾಗೆ ವರದಿ ಮಾಡುತ್ತಿದ್ದ ಮೂರೂ ಶಾಖೆಗಳ ಉಸ್ತುವಾರಿಗಳು ಇನ್ನು ಅವನಿಗೆ ವರದಿ ಮಾಡುತ್ತಾರೆ; ಅಲ್ಲಿ ಒಬ್ಬೊಬ್ಬರ ಹೆಸರೂ ಇತ್ತು. ರಜೆ, ಪ್ರವಾಸ, ತಪಾಸಣೆಯ ಒಪ್ಪಿಗೆ ಅವನದೇ. ಅವನು ಬಿಟ್ಟ ಲಕ್ಷ್ಮೇಶ್ವರದ ಜಾಗಕ್ಕೆ ಅದೇ ಶಾಖೆಯ ರುಹಿ. ಕ್ಷೇತ್ರ ಸಹಾಯಕರು ಯಥಾಪ್ರಕಾರ ತಮ್ಮ ಉಸ್ತುವಾರಿಗಳ ಕೈಕೆಳಗೆ. ಮುಂಡರಗಿಯ ರೈತರ ತರಬೇತಿ ಮೊದಲಿನಂತೆ ಮಾಳಿಂಗರಾಯನದೇ. ಪ್ರಶ್ನೆಗಳಿದ್ದರೆ ಯಾರಾದರೂ ನೇರವಾಗಿ ತನಗೆ ಫೋನು ಮಾಡಬಹುದು.

ಯಾರಿಗೂ ತಡವಾಗಿ ತಿಳಿಯಬಾರದು, ಯಾರೂ ಬಿಟ್ಟುಹೋಗಬಾರದು ಎಂದು ಕಡೆಯಲ್ಲಿ ಇನ್ನೊಂದು ಸಾಲು ಸೇರಿಸಿದಳು. "ಶಾಖೆಯಲ್ಲಿ ಎಲ್ಲರಿಗೂ ತಿಳಿಸಿ." ಸೋಮವಾರ ಒಂಬತ್ತಕ್ಕೆ ಮೇಲ್‌ನಲ್ಲಿ ಪತ್ರ ಹೋಯಿತು. ಹತ್ತರೊಳಗೆ ಅಭಿನಂದನೆಗಳ ಸಾಲು ಶುರುವಾಯಿತು. ಮುಂಡರಗಿಯಿಂದ ಏನೂ ಬರಲಿಲ್ಲ.

ಮಧ್ಯಾಹ್ನ ಅವಳೇ ಹೊರಟಳು.

ಮುಂಡರಗಿಯ ಗೋದಾಮಿನ ಬಾಗಿಲಲ್ಲಿ ದೇವವ್ವ ಮೊರ ಹಿಡಿದು ನಿಂತಿದ್ದಳು. ಬೀಜ ಆರಿಸುವ ಹೆಂಗಸರಲ್ಲಿ ಹಿರಿಯಳು, ಮಂಜುಳಾಳನ್ನು ಮೊದಲಿನಿಂದ ಬಲ್ಲವಳು. ಬರ್ರಿ, ಕುಂಡ್ರಿ ಎಂಬ ಮಾತೂ ಇಲ್ಲ.

"ಅಂವನ ಬಾಯಿಲೇನ ಓದಿಸಬೇಕಿತ್ತನ್ರೀ ಅವ್ವಾರ?"

ಮಂಜುಳಾಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಈ ಶಾಖೆಯಲ್ಲಿ ಮೇಲ್ ತೆರೆದು ನೋಡುವವರು ಇಬ್ಬರೋ ಮೂವರೋ. ಅದಕ್ಕೇ ಗದಗಿನಿಂದ ಬಂದ ಪತ್ರವನ್ನು ಉಸ್ತುವಾರಿ ಗೋದಾಮಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಓದುವುದು, ಓದಿದ ಮೇಲೆ ಎಲ್ಲರೂ ಕೆಳಗೆ ಸಹಿ ಹಾಕುವುದು ಇಲ್ಲಿನ ಪದ್ಧತಿ. ಎರಡು ವರ್ಷ ಅವಳೂ ಆ ಗುಂಪಿನಲ್ಲಿ ನಿಂತು ಮಾಳಿಂಗರಾಯನ ದನಿಯಲ್ಲಿ ಪತ್ರ ಕೇಳಿದ್ದಳು. ಭಾನುವಾರವಿಡೀ ಓದುವವರ ಕಣ್ಣನ್ನು ನೆನೆಸಿಕೊಂಡು ಬರೆದವಳಿಗೆ ಓದುವ ಬಾಯಿ ನೆನಪಾಗಿರಲಿಲ್ಲ.

ದೇವವ್ವ ಬಿಡದೆ ಹೇಳಿದಳು. ಅರ್ಜಿ ಹಾಕು ಎಂದು ಅವನ ಬೆನ್ನು ಹತ್ತಿದವರು ತಾವೇ. ಇಲ್ಲಿ ಅದು ಯಾರಿಗೂ ಗುಟ್ಟಲ್ಲ. ಇವತ್ತು ಪತ್ರ ಬರುತ್ತದೆ ಎಂದು ಖಬರು ತಿಳಿದು ಹುಡುಗಿಯರು ಪೇಢೆ ತಂದಿದ್ದರು; ಶನಿವಾರ ಗದಗಿಗೆ ಹೋಗಿ ಬಂದವನು ಯಾರಿಗೂ ಏನೂ ಹೇಳಿರಲಿಲ್ಲ. ಅವನು ಹಾಳೆ ಹಿಡಿದು ನಿಂತಾಗ ಎಲ್ಲರ ಮುಖದಲ್ಲೂ ನಗು. ಅತಾವುಲ್ಲಾನ ಹೆಸರು ಓದಿದ. ಆ ಹುದ್ದೆಗೆ ಅವನು ಯಾಕೆ ತಕ್ಕವನು ಎಂಬುದನ್ನೂ ಓದಿದ. ಮುಂಡರಗಿಯ ಮಾಳಿಂಗರಾಯ ಇನ್ನು ಮುಂದೆ ಅವನಿಗೆ ವರದಿ ಮಾಡಬೇಕು ಎಂಬುದನ್ನು ಬೇರೆ ಯಾರದೋ ಹೆಸರಿನಂತೆ ಓದಿದ. ಕಡೆಗೆ ಪೇಢೆ ಬಿಚ್ಚಿಸಿ, ಅತಾವುಲ್ಲಾನ ಹೆಸರಲ್ಲಿ ತಿನ್ನಿರಿ ಎಂದು ತಾನೇ ಹಂಚಿದ.

ಒಳಗೆ ಮಾಳಿಂಗರಾಯ ಮೇಜಿನ ಹತ್ತಿರ ಕೂತಿದ್ದ. ಅವಳನ್ನು ನೋಡಿ ಎದ್ದು ಕುರ್ಚಿ ಎಳೆದ.

"ತಪ್ಪಾತು ಅಣ್ಣಾ. ನೀ ಓದಬೇಕಾಗತೈತಿ ಅಂತ ನನಗ ಹೊಳೀಲಿಲ್ಲ."

"ಪತ್ರ ಚಲೋ ಐತೆವ್ವಾ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ. ಖರೆ ಹೇಳ್ತೇನಿ, ಓದುವಾಗ ನನಗೂ ಅಂವನ ಸರಿ ಅನಿಸ್ತು."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ತನ್ನ ಫೋನನ್ನು ಅವಳ ಮುಂದೆ ಸರಿಸಿದ.

"ನನಗ ಹಂಗ ಬರಿಯಾಕ ಬರೂದಿಲ್ಲ. ನಂದೊಂದು ಬರದು ಕೊಡು. ಕೆಲಸ ಬಿಡ್ತೇನಂತ."

ಅವಳು ಬಹಳ ಹೇಳಿದಳು. ಒಂದು ಹಂಗಾಮು ನೋಡು ಅಂದಳು. ತರಬೇತಿ ಕೆಲಸ ನಿನ್ನ ಬಿಟ್ಟರೆ ನಡೆಯುವುದಿಲ್ಲ ಅಂದಳು, ಅದು ಸುಳ್ಳೂ ಆಗಿರಲಿಲ್ಲ. ಅವನು ಎಲ್ಲವನ್ನೂ ಶನಿವಾರ ಕೇಳಿಸಿಕೊಂಡ ಹಾಗೆಯೇ ಕೇಳಿಸಿಕೊಂಡ. ಅವತ್ತಿನ 'ಆತು' ಒಪ್ಪಿಗೆಯಾಗಿರಲಿಲ್ಲ ಎಂದು ಈಗ ಅವಳಿಗೆ ತಿಳಿಯಿತು. ಹೊರಗೆ ಹೆಂಗಸರು ಬೀಜ ಕೇರುವ ಸದ್ದು ನಡೆದೇ ಇತ್ತು.

"ಕಾರಣ ಏನಂತ ಬರೀಲಿ?"

ಬೇಡವೆನ್ನುವಂತೆ ಅವನು ಕೈಯಾಡಿಸಿದ. ಅವಳು ಕಾರಣವಿಲ್ಲದೆಯೇ ಬರೆದಳು. ಒಂದು ತಿಂಗಳ ಮುನ್ಸೂಚನೆ, ರೈತರ ಪಟ್ಟಿ ಒಪ್ಪಿಸಿಕೊಡುವುದು, ವಂದನೆ. ನಾಲ್ಕು ಸಾಲಿನಲ್ಲಿ ಮುಗಿಯಿತು. ಕಳಿಸಬೇಕಾದವರ ಜಾಗದಲ್ಲಿ ಬೆರಳಿಡುತ್ತಲೇ ಫೋನು ತಾನಾಗಿ ಅವಳ ಹೆಸರನ್ನು ಮುಂದೆ ಹಿಡಿಯಿತು. ಅವನು ಆ ಫೋನಿನಿಂದ ಎಷ್ಟೋ ವರ್ಷ ಬರೆದದ್ದೆಲ್ಲ ಅವಳೊಬ್ಬಳಿಗೇ. ಅವಳು ಅದನ್ನೇ ಒತ್ತಿದಳು.

ಮಾಳಿಂಗರಾಯ ಬಾಗಿ ನೋಡಿದ. ನೋಯಿಸದ ಹಾಗೆ, ಮೆಲ್ಲಗೆ ಅಂದ:

"ನಿನಗಲ್ಲ ತಂಗಿ. ಈಗ ಅತಾವುಲ್ಲಾಗ ಕಳಿಸಬೇಕು."

ಅವಳು ತನ್ನ ಹೆಸರು ಅಳಿಸಿದಳು.