ಬೆರಳಿಗೆ ಸಿಗದ ಅಕ್ಷರ

೨೦೦೮ರಲ್ಲಿ ಶಹಾಬಾದಿನ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಬಂತು. ಪ್ಲಾಸ್ಟಿಕ್ ಕರಗಿಸಿ, ಅರ್ಧ ಮಿಲಿಮೀಟರ್ ಅಗಲದ ಎಳೆಯನ್ನು ಪದರದ ಮೇಲೆ ಪದರ ಹಾಕಿ, ಕಂಪ್ಯೂಟರಿನಲ್ಲಿ ಬರೆದದ್ದನ್ನು ವಸ್ತುವಾಗಿಯೇ ಇಳಿಸುತ್ತಿತ್ತು ಅದು. ಅದನ್ನು ನಡೆಸುವ ಸುಮಂಗಲಾ, ಸಾಹೇಬರ ಪರವಾನಗಿ ಪಡೆದು, ಅವ್ವನಿಗೆ ಎರಡು ಗುಳಿಗೆ ಡಬ್ಬಿ ಮಾಡಿದಳು. ಅವ್ವ ಅನಸುಬಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದ್ದವು. ಸಾಕ್ಷರತಾ ವರ್ಗದಲ್ಲಿ ಹಟ ಹಿಡಿದು ಕಲಿತ ಅಕ್ಷರ ಮಾತ್ರ ಹೋಗಿರಲಿಲ್ಲ.

ಮುಂಜಾನೆಯ ಸಕ್ಕರೆ ಗುಳಿಗೆಯ ಮುಚ್ಚಳಕ್ಕೆ ‘ಮು’, ರಾತ್ರಿಯ ಬಿಪಿ ಗುಳಿಗೆಯದಕ್ಕೆ ‘ರಾ’. ಐದು ಮಿಲಿಮೀಟರ್ ಗಾತ್ರದ ಅಕ್ಷರ, ಕೆತ್ತಿದ ಹಾಗೆ ಒಳಗಿಳಿದದ್ದು. ಗೆರೆಗೆ ಕರಿ ಬಣ್ಣ ತುಂಬಿದ್ದರಿಂದ ನೋಡಲು ಬಲು ಚೆಂದ. ನೋಡುವವರು ಯಾರು ಎಂಬುದನ್ನೇ ಮರೆತಿದ್ದಳು ಪುಣ್ಯಾತ್ಗಿತ್ತಿ!

ಅವ್ವ ಎರಡನ್ನೂ ಸವರಿ, “ಇದು ಮು, ಇದು ರಾ. ಭಾಳ ಛಂದ ಮಾಡೀದಿ” ಅಂದಳು. ಮಗಳು ಹಿಗ್ಗಿದಳು.

ಮುಂದಿನ ವಾರ ಒಂದು ರಾತ್ರಿ ಕೆಲಸ ಮುಗಿಸಿ, ರೈಲಿಳಿದು ವಾಡಿ ಊರಿನ ಮನೆಗೆ ಬಂದರೆ, ಅವ್ವ ಬೆವತು ಗೋಡೆಗೊರಗಿದ್ದಾಳೆ. ಪಕ್ಕದ ಮನೆಯ ಚಾಂದಬೀ ಸಕ್ಕರೆ ನೀರು ಕುಡಿಸುತ್ತಿದ್ದಾಳೆ.

“ಕೈಕಾಲು ನಡಗಾಕತ್ತಿದ್ವು, ಮಾತು ತೊದಲಾಕತ್ತಿತ್ತು ನೋಡವ್ವ,” ಅಂದಳು ಚಾಂದಬೀ.

ಬಿಪಿಯದೆಂದು ತಿಳಿದು ಅವ್ವ ಸಕ್ಕರೆ ಗುಳಿಗೆಯನ್ನೇ ಎರಡನೇ ಸಲ ನುಂಗಿದ್ದಳು, ಅದೂ ಬರಿ ಹೊಟ್ಟೆಯಲ್ಲಿ. ಡಾಕ್ಟರ್ ಬಂದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಅಂದರು.

“ಯವ್ವಾ, ಓದಾಕ ಬರ್ತದ ಅಂದಿದ್ದಿ ಅಲ್ಲ?” ಅಂದಳು ಸುಮಂಗಲಾ.

“ಮೊದಲ ಕೊಟ್ಟಿದ್ದು ಮು ಇರಬೇಕಂತ ಅಂದಾಜು ಹಾಕ್ದೆ. ಎಡಕ್ಕೊಂದು ಬಲಕ್ಕೊಂದು ಇಡ್ತಿದ್ದೆ. ಇವತ್ತ ಕೆಳಗ ಬಿದ್ದು ಅದಲು ಬದಲಾದ್ವು. ಅಷ್ಟು ಆಸೆಲೆ ಮಾಡಿ ತಂದೀದಿ, ತಿಳಿವಲ್ದು ಅಂತ ಹೆಂಗ ಹೇಳ್ಲಿ?”

ಸುಮಂಗಲಾ ಕಣ್ಣು ಮುಚ್ಚಿ ಮುಚ್ಚಳ ಸವರಿದಳು. ಬೆರಳು ಜಾರಿಹೋಯಿತು. ಆ ಸಣ್ಣ ಕಾಲುವೆಯೊಳಗೆ ಬೆರಳ ತುದಿ ಇಳಿಯುವುದಾದರೂ ಹೇಗೆ?

ಮರುದಿನ ಅಕ್ಷರವನ್ನು ಉಬ್ಬಿಸಿದಳು, ಗಾತ್ರವನ್ನು ಹದಿನೈದು ಮಿಲಿಮೀಟರಿಗೆ ಏರಿಸಿದಳು. ಆದರೆ ಅವಳು ಆರಿಸಿದ ಅಕ್ಷರಶೈಲಿಯಲ್ಲಿ ‘ಮು’ವಿನ ಕೊಂಬು ಯಂತ್ರದ ಎಳೆಗಿಂತ ತೆಳ್ಳಗಿತ್ತು. ಯಂತ್ರ ಅದನ್ನು ಹಾಕಲೇ ಇಲ್ಲ, ಬರಿ ‘ಮ’ ಉಳಿಯಿತು. ಎಲ್ಲ ಗೆರೆಗಳನ್ನೂ ಮೂರೆಳೆ ದಪ್ಪ ಮಾಡಿ ಮತ್ತೆ ಇಳಿಸಿದಳು. ಈಗ ಕೊಂಬು ಗಟ್ಟಿಯಾಗಿ ನಿಂತಿತು.

ಮನೆಯಲ್ಲಿ ಡಬ್ಬಿಗಳನ್ನು ಕಲೆಸಿ ಕೊಟ್ಟಳು. ಅವ್ವ ಸರಿಯಾಗಿಯೇ ಹೇಳಿದಳು. ಮತ್ತೆ ಕೊಟ್ಟಳು, ಮತ್ತೆ ಸರಿ. ಆದರೂ ನಂಬಿಕೆ ಬರಲಿಲ್ಲ. ಒಮ್ಮೆ ತನ್ನ ಮನಸ್ಸು ಕಾಯಲು ಸುಳ್ಳು ಹೇಳಿದವಳು ಈಗಲೂ ಹೇಳುತ್ತಿದ್ದರೆ? ಕೊನೆಗೆ, ಕೊಂಬು ಬೀಳದೆ ಕೆಟ್ಟಿದ್ದ ಮುಚ್ಚಳವನ್ನು ಚೀಲದಿಂದ ತೆಗೆದು ಸುಮ್ಮನೆ ಅವ್ವನ ಕೈಗಿಟ್ಟಳು.

ಅನಸುಬಾಯಿಯ ಬೆರಳು ಅಕ್ಷರದ ಸುತ್ತ ಒಮ್ಮೆ ಹೋಯಿತು, ತಿರುಗಿ ಬಂತು, ಬಲಗಡೆ ತಡಕಾಡಿತು.

“ಇದೇನವ್ವ ಹಿಂಗ ಮಾಡೀದಿ? ಬರೇ ಮ ಅದ. ಕೊಂಬು ಹಚ್ಚೇ ಇಲ್ಲಲ್ಲ!”

ಸುಮಂಗಲಾ ಅವ್ವನ ಆ ಬೆರಳು ಹಿಡಿದುಕೊಂಡು ಅತ್ತಳು.