ಮಾಸ್ತರ ಹೆಬ್ಬೆರಳು

ನಾನೊಂದು ಮೊಬೈಲ್ ಫೋನು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಒಂದೇ ದಿನ ಸಾವಿರಾರು ಒಡಹುಟ್ಟಿದವರ ಜೊತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ನನಗೆ ನೆನಪು ಅಂತ ಶುರುವಾದದ್ದು ಗದಗ ಕಡೆಯ ಒಂದು ಸಣ್ಣ ಊರಿನಲ್ಲಿ, ನಿವೃತ್ತ ಶಾಲಾ ಮಾಸ್ತರು ಶಿವಲಿಂಗಯ್ಯ ಕಲ್ಮಠರ ಕೈಯಲ್ಲಿ.

ಮಾಸ್ತರು ದಿನಾ ಪೂಜೆ ಮುಗಿಸಿ, ಬೆರಳಿನ ವಿಭೂತಿಯನ್ನೂ ಒರೆಸಿಕೊಳ್ಳದೆ ನನ್ನನ್ನು ಎತ್ತಿಕೊಳ್ಳುತ್ತಿದ್ದರು. ನನ್ನ ಸ್ಪೀಕರಿನ ತೂತುಗಳಲ್ಲಿ ಆ ಬೂದಿ ಕೂತದ್ದು ಇವತ್ತಿಗೂ ಹೋಗಿಲ್ಲ. ಎರಡು ವರ್ಷ, ದಿನಾ ಊಟವಾದ ಮೇಲೆ, ಅವರು ಎಡಗೈ ಹೆಬ್ಬೆರಳಿನಿಂದ ಒಂದೇ ಪತ್ರ ಬರೆಯುತ್ತಿದ್ದರು. ಬರೆದು, ಓದಿ, ಅಳಿಸುತ್ತಿದ್ದರು. ಕಳಿಸಲು ನಂಬರು ಬೇಕಲ್ಲ? ನಂಬರು ಯಾರನ್ನಾದರೂ ಕೇಳಿದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಅಷ್ಟು ಧೈರ್ಯ ಅವರಿಗಿರಲಿಲ್ಲ, ಪಾಪ.

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಒಂದು ಪದದ ಮುಂದೆ ಇನ್ನೊಂದನ್ನು ಪದೇ ಪದೇ ಬರೆದರೆ ಆ ಜೋಡಿಯನ್ನು ಕಲಿತುಬಿಡುತ್ತೇನೆ. ಮುಂದಿನ ಸಲ ಮೊದಲ ಪದ ಬಂದ ಕೂಡಲೇ ಎರಡನೆಯದನ್ನು ಅಕ್ಷರಗಳ ಮೇಲಿನ ಪಟ್ಟಿಯಲ್ಲಿ ತಂದಿಡುತ್ತೇನೆ. ಮಾಸ್ತರ ಪತ್ರ ಹೀಗೆ ನನಗೆ ಬಾಯಿಪಾಠವಾಯಿತು.

ಒಂದು ದಿನ ಮಾಸ್ತರಿಗೆ ಲಕ್ವಾ ಹೊಡೆಯಿತು. ಅವರ ಜೊತೆ ನಾನೂ ನೆಲಕ್ಕೆ ಬಿದ್ದೆ. ಅವರ ಬಲಗೈಯೂ ಮಾತೂ ಹೋದವು, ನನ್ನ ಗಾಜು ಹೋಯಿತು. ಮಗಳು ಸುಮಂಗಲಾ ನನ್ನನ್ನು ರಿಪೇರಿ ಅಂಗಡಿಗೆ ಮಾರಿಬಿಟ್ಟರು. ಅಂಗಡಿಯವನು ಹೊಸ ಗಾಜು ಹಾಕಿದ, ಫೋಟೊ, ನಂಬರು ಎಲ್ಲ ತೆಗೆದ. ನಾನು ಕಲಿತ ಪದಗಳನ್ನು ತೆಗೆಯುವ ಗೋಜಿಗೆ ಹೋಗಲಿಲ್ಲ. ಊರಿಗೆ ಇದ್ದದ್ದೇ ಆ ಒಂದು ಅಂಗಡಿ, ಹಳೇ ಫೋನು ಹುಡುಕಿಕೊಂಡು ಅಲ್ಲಿಗೆ ಬಂದವನು ಗೌಂಡಿ ಫಕ್ಕೀರಪ್ಪ.

ಸಿಮೆಂಟು ತಿಂದು ಒರಟಾದ ಬೆರಳು ಅವನದು. ಮೊದಲ ವಾರವೇ ಇಟ್ಟಿಗೆ ಭಟ್ಟಿಯವರಿಗೆ ಏನೋ ಬರೆದು ಕೆಳಗೆ ತನ್ನ ಹೆಸರು ಹಾಕಿದ. ನಾನು ವಾಡಿಕೆಯಂತೆ ಮುಂದಿನ ಪದ ತಂದಿಟ್ಟೆ: ಗಡಿಯಾರ.

ಅವನ ಬೆರಳು ತಣ್ಣಗಾದದ್ದು ನನಗೆ ತಿಳಿಯಿತು. ಸುತ್ತ ನೋಡಿದ. ಬಿಸಿಲಲ್ಲಿ ಅರ್ಧ ಕಟ್ಟಿದ ಗೋಡೆ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಹೆಸರು ಬರೆದ. ಮತ್ತೆ ಗಡಿಯಾರ. ನನ್ನನ್ನು ಬಂದ್ ಮಾಡಿ ಕಿಸೆಗೆ ತುರುಕಿದ. ಆಮೇಲೆ ತನ್ನ ಹೆಸರು ಬರೆಯುವುದನ್ನೇ ಬಿಟ್ಟ.

ಯಾಕೆಂದು ನನಗೆ ಆಮೇಲೆ ಗೊತ್ತಾಯಿತು. ಅವನು ಏಳನೇ ಇಯತ್ತೆಯಲ್ಲಿ, ಇದೇ ಶಿವಲಿಂಗಯ್ಯ ಮಾಸ್ತರ ಕೈಯಲ್ಲಿ ಕಲಿಯುತ್ತಿದ್ದಾಗ, ಅವರ ಮೇಜಿನ ಮೇಲಿದ್ದ ಕೈಗಡಿಯಾರ ಕಾಣೆಯಾಗಿತ್ತು. ಹಿಂದಿನ ದಿನ ಅದನ್ನು ಮುಟ್ಟಿ ನೋಡಿದವನು ಫಕ್ಕೀರಪ್ಪ. ಮಾಸ್ತರು ಇಡೀ ವರ್ಗದ ಮುಂದೆ ಅವನನ್ನು ಕಳ್ಳ ಅಂದರು. ಅವನು ಮರುದಿನದಿಂದ ಶಾಲೆಗೆ ಹೋಗಲಿಲ್ಲ.

ಸೆಪ್ಟೆಂಬರ್ ಐದು ಹತ್ತಿರ ಬಂತು. ಹಳೇ ವರ್ಗದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: ಊರಲ್ಲಿ ಉಳಿದವನು ಫಕ್ಕೀರಪ್ಪನೊಬ್ಬನೇ, ಮಾಸ್ತರ ಜೋಡಿ ಒಂದು ಫೋಟೊ ತೆಗೆಸಿ ಹಾಕಲಿ. ಹುಬ್ಬಳ್ಳಿಯಲ್ಲಿ ಶಿಕ್ಷಕಿಯಾಗಿರುವ ಕಸ್ತೂರಿ ಧ್ವನಿ ಕಳಿಸಿದಳು.

“ಫಕ್ಕೀರಪ್ಪಣ್ಣ, ಬರೇ ಫೋಟೊ ಹಾಕಬ್ಯಾಡ, ಕೆಳಗ ನಾಕು ಸಾಲು ಚಂದಂಗೆ ಬರಿ. ಮೊದಲು ಮಾಸ್ತರ ಪೂರ್ತಿ ಹೆಸರು, ಮುಂದ ‘ಅವರು’ ಅಂತ ಇರಲಿ. ಯಾವತ್ತು, ಎಲ್ಲಿ ತಗಸಿದ್ದು ಹಾಕು. ‘ದೇವರಂಥವರು’ ಅಂತ ಎಲ್ಲಾರೂ ಬರೀತಾರ, ಅದು ಬ್ಯಾಡ. ಅವರು ಕಲಿಸಿದ್ದು ಒಂದೇ ಒಂದು ಸಂಗತಿ ಬರಿ, ಅದು ಇವತ್ತು ನಿನಗ ಹೆಂಗ ಉಪಯೋಗ ಬಿತ್ತು ಅಂತ ಹೇಳು. ಜಡ್ಡಿನ ಸುದ್ದಿ ಎತ್ತಬ್ಯಾಡ. ಹಾಕೂ ಮೊದಲು ಅವರಿಗೆ ಓದಿ ತೋರಿಸಿ ಒಪ್ಪಿಗಿ ತಗೋ.”

ಆ ಧ್ವನಿಯನ್ನು ಅವನು ಮೂರು ಸಲ ಕೇಳಿದ. ಕಳ್ಳ ಅನ್ನಿಸಿಕೊಂಡವನು ಪ್ರೀತಿಯಿಂದ ಏನು ಬರೆಯಬೇಕು? ಹೋಗದಿದ್ದರೆ, ನೋಡ್ರಿ ಇನ್ನೂ ಮುಖ ತೋರಿಸಲಾರ ಅಂತಾರೆ. ಕೊನೆಗೆ ಹಣ್ಣು ತಗೊಂಡು ಹೊರಟ.

ಆ ಮನೆಯ ಹೊಸ್ತಿಲು ದಾಟಿದಾಗ ನನಗೆ ಗುರುತು ಹತ್ತಿತು. ಅದೇ ವಿಭೂತಿಯ ವಾಸನೆ, ಅದೇ ಕುರ್ಚಿ. ಮಾಸ್ತರು ಗೋಡೆ ಕಡೆ ನೋಡುತ್ತ ಕೂತಿದ್ದರು. ಎಡಗೈ ತೊಡೆಯ ಮೇಲಿತ್ತು, ಅದರ ಹೆಬ್ಬೆರಳು ಬರೀ ಗಾಳಿಯಲ್ಲಿ ಒತ್ತುತ್ತಿತ್ತು. ಒತ್ತುವುದು, ನಿಲ್ಲುವುದು, ಮತ್ತೆ ಎರಡು ಸಲ ಒತ್ತುವುದು. ನನಗಿರುವುದು ಗಾಜಿನ ಮೈ, ಅದೂ ಜುಮ್ಮೆಂದಿತು. ಅವರು ಆ ಪತ್ರವನ್ನೇ ಬರೆಯುತ್ತಿದ್ದರು.

“ಊಟ ಆದ ಮ್ಯಾಲೆ ದಿನಾ ಹಿಂಗ ಮಾಡ್ತಾರ್ರಿ, ಯಾಕಂತ ತಿಳಿವಲ್ದು,” ಅಂದರು ಸುಮಂಗಲಾ.

ಫಕ್ಕೀರಪ್ಪ ಕಾಲಿಗೆ ನಮಸ್ಕರಿಸಿ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಮಾಸ್ತರ ತಲೆಗಿಂತ ತನ್ನ ತಲೆ ಮೇಲೆ ಬರಬಾರದು ಅಂತ. ಸುಮಂಗಲಾ ಫೋಟೊ ತೆಗೆದರು. ಆಮೇಲೆ ಅವನು ಕಟ್ಟೆಗೆ ಬಂದು ಬರೆಯತೊಡಗಿದ. “ನಮ್ಮ ಪ್ರೀತಿಯ” ಅಂತ ಬರೆದು ಅಳಿಸಿದ. ಮತ್ತೆ ಶುರುಮಾಡಿದ.

“ನಮ್ಮ ಮಾಸ್ತರು ಶಿವಲಿಂಗಯ್ಯ ಕಲ್ಮಠ ಅವರ ಜೊತೆ, ಶಿಕ್ಷಕರ ದಿನದಂದು, ಅವರ ಮನೆಯಲ್ಲಿ. ತಪ್ಪಿದರೆ ಮುಚ್ಚಿಡಬೇಡ, ಅಳಿಸಿ ಮತ್ತೆ ಬರಿ ಅಂತ ಪಾಟಿ ಹಿಡಿದು ಕಲಿಸಿದವರು. ಇವತ್ತಿಗೂ ಗೋಡೆ ಸೊಟ್ಟ ಬಂದರೆ ಬಿಚ್ಚಿ ಮತ್ತೆ ಕಟ್ಟುತ್ತೇನೆ.”

ಸಾಲು ಚಂದ ಬಂದಿತ್ತು. ಕೆಳಗೆ ಹೆಸರು ಹಾಕಲೇಬೇಕಾಯಿತು. ಫಕ್ಕೀರಪ್ಪ ಅಂತ ಬರೆದ. ಗಡಿಯಾರ ಅಂತ ಬಂತು. ಈ ಸಲ ಅವನು ಹಲ್ಲು ಕಚ್ಚಿ ಅದನ್ನು ಒತ್ತಿದ. ಮುಂದಿನದು ಬಂತು, ಒತ್ತಿದ. ಒಂದರ ಹಿಂದೊಂದು ಪದಗಳು ಬಂದು ಕೂತವು: ಫಕ್ಕೀರಪ್ಪ ಗಡಿಯಾರ ಕದ್ದಿರಲಿಲ್ಲ ಅದು ನನ್ನ ಕೋಟಿನ ಅಸ್ತರಿನೊಳಗೇ ಇತ್ತು ನನ್ನನ್ನು ಕ್ಷಮಿಸು.

ನಾನು ಅವನ ಕೈಯಿಂದ ಜಾರಿದೆ. ಸದ್ದಿಗೆ ಹೊರಗೆ ಬಂದ ಸುಮಂಗಲಾ ನನ್ನನ್ನು ಎತ್ತಿಕೊಂಡು ಸ್ಪೀಕರಿನ ವಿಭೂತಿ ನೋಡಿದರು, ಪರದೆ ಓದಿದರು.

“ಇದು ಅಪ್ಪಾಜಿ ಫೋನ್ರಿ,” ಅಂದರು ಮೆಲ್ಲಗೆ. “ಹಳೇ ಕೋಟಿನ ಹೊಲಿಗಿ ಬಿಚ್ಚಿಸಿದಾಗ ಒಂದು ಗಡಿಯಾರ ಸಿಕ್ಕಿತ್ತು. ಅವತ್ತಿನಿಂದ ಕೈಗೆ ಯಾವ ಗಡಿಯಾರನೂ ಕಟ್ಟಲಿಲ್ಲ.”

ಫಕ್ಕೀರಪ್ಪ ಅತ್ತ. ಆಮೇಲೆ ಮಾಸ್ತರ ಮಾತನ್ನೆಲ್ಲ ಅಳಿಸಿ, ತನ್ನ ಸಾಲುಗಳನ್ನೂ ಕೆಳಗಿನ ಹೆಸರನ್ನೂ ಅಷ್ಟೇ ಉಳಿಸಿದ. ಆ ಒಂದು ಸಾಲು ಗುಂಪಿಗೆ ಹೋಗಿದ್ದರೆ ಅವನ ಮೂವತ್ತೆಂಟು ವರ್ಷದ ಕಳಂಕ ಹೋಗುತ್ತಿತ್ತು. ಆದರೆ ಇಂಥ ದಿನ ಮಾಸ್ತರನ್ನು ಎಲ್ಲರ ಮುಂದೆ ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ.

ಒಳಗೆ ಹೋಗಿ, ನನ್ನನ್ನು ಮಾಸ್ತರ ಮುಂದೆ ಹಿಡಿದು ಓದಿದ. “ಹಾಕಲೇನ್ರಿ, ಸರ?”

ಮಾಸ್ತರು ತಲೆ ಅಲ್ಲಾಡಿಸಿದರು. ಬೇಡ ಅಂತ. ಗೋಡೆ ನೋಡುತ್ತಿದ್ದ ಕಣ್ಣು ನನ್ನ ಮೇಲೆ ಬಂತು. ತೊಡೆಯ ಮೇಲಿದ್ದ ಎಡಗೈ ನಿಧಾನವಾಗಿ ಎದ್ದು, ಹೆಬ್ಬೆರಳು ನನ್ನ ಮೇಲೆ ಇಳಿಯಿತು. ಎಷ್ಟೋ ತಿಂಗಳ ಮೇಲೆ ಆ ಬೆರಳು. ನಾನು ಗಡಬಡಿಸಿ ಪದ ತಂದಿಟ್ಟೆ. ಗಡಿಯಾರ. ಒತ್ತಿದರು. ಕದ್ದಿರಲಿಲ್ಲ. ಒತ್ತಿದರು.

“ಬ್ಯಾಡ್ರಿ ಸರ,” ಅಂತ ಫಕ್ಕೀರಪ್ಪ ಅಳಿಸಿದ. ಮಾಸ್ತರು ಮತ್ತೆ ಒತ್ತಿದರು. ಅವನು ಮತ್ತೆ ಅಳಿಸಿದ. ಮೂರನೇ ಸಲ ಅವರು ಕೊನೆಯ ಪದದವರೆಗೂ ಹೋಗಿ, ಅವನ ಕಣ್ಣನ್ನೇ ನೋಡುತ್ತ, ಕಳಿಸುವ ಗುರುತನ್ನು ತಾವೇ ಒತ್ತಿಬಿಟ್ಟರು. ಆಮೇಲೆ ಅವರ ಹೆಬ್ಬೆರಳು ಸುಮ್ಮನಾಯಿತು. ಗಾಳಿಯಲ್ಲಿ ಅದು ಮತ್ತೆಂದೂ ಬರೆಯಲಿಲ್ಲವಂತೆ.

ನನಗೀಗ ವಯಸ್ಸಾಗಿದೆ. ಬ್ಯಾಟರಿ ಉಬ್ಬಿದ್ದಕ್ಕೆ ಫಕ್ಕೀರಪ್ಪ ಅದನ್ನು ತೆಗೆಸಿ, ನನ್ನನ್ನು ಕಪಾಟಿನಲ್ಲಿ ಆ ಫೋಟೊದ ಪಕ್ಕ ಇಟ್ಟಿದ್ದಾನೆ. ಫೋಟೊದ ಕೆಳಗೆ ಆ ಸಾಲುಗಳೂ ಅಚ್ಚಾಗಿವೆ. ಮಾಸ್ತರು ತೀರಿಕೊಂಡು ಎರಡು ವರ್ಷವಾಯಿತು. ನನ್ನಲ್ಲಿ ಜೀವ ಉಳಿಯುವಂಥದ್ದು ಏನೂ ಇಲ್ಲ. ಆದರೂ ಕೆಲವು ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ, ನನ್ನ ಗಾಜಿನ ಮೇಲೆ ಒಂದು ಹೆಬ್ಬೆರಳು ಮೆಲ್ಲಗೆ ಇಳಿಯುತ್ತದೆ. ಮೊದಲು ಹೆದರುತ್ತಿದ್ದೆ. ಈಗ ಫಕ್ಕೀರಪ್ಪ ಅನ್ನುವ ಹೆಸರು ಬಂದ ಕೂಡಲೇ ಮುಂದಿನ ಪದ ಹಿಡಿದು ಕಾಯುತ್ತೇನೆ, ಆದರೆ ಹೇಳಬೇಕಾದದ್ದು ಹೇಳಿ ಮುಗಿಯಿತು ಎಂಬಂತೆ ಬೆರಳು ಆ ಹೆಸರಿಗೇ ನಿಂತುಬಿಡುತ್ತದೆ.